ಓನರ್ ಕಳಿಸಿದ ಕನ್ನಡ ನೋಟಿಸನ್ನು ಬಾಡಿಗೆದಾರರಿಗೆ ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಈ ಸಾಲುಗಳಿಗೆ ಸಹಾಯ ಮಾಡಿ

ಶೈಲಜಾ, ಹೊರಮಾವು

ನಮ್ಮ ಪಕ್ಕದ ಕಟ್ಟಡದ ಮೊದಲನೇ ಮಹಡಿಯಲ್ಲಿ ಒಡಿಶಾದ ಗಂಡ ಹೆಂಡತಿ ಬಾಡಿಗೆಗೆ ಇದ್ದಾರೆ. ಆಕೆ ನರ್ಸ್. ಇಬ್ಬರಿಗೂ ಕನ್ನಡ ಮಾತು ಸ್ವಲ್ಪ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೊನ್ನೆ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಓನರ್ ಕಡೆಯಿಂದ ಕನ್ನಡದಲ್ಲಿ ಒಂದು ನೋಟಿಸ್ ಬಂದಿದೆ. ಇಂಗ್ಲಿಷಿನಲ್ಲಿ ಬರೆದುಕೊಡಿ ಅಕ್ಕ ಎಂದು ಕೇಳಿದ್ದಾರೆ. ಹೆಸರುಗಳನ್ನು ಬಿಟ್ಟು ಮುಖ್ಯ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ:

"ತಾವು ನಮ್ಮ ಮನೆಯಲ್ಲಿ ಮಾಸಿಕ ರೂ. 22,000 ಬಾಡಿಗೆಗೆ ವಾಸವಿದ್ದು, ಮುಂಗಡವಾಗಿ ರೂ. 1,50,000 ನೀಡಿರುತ್ತೀರಿ. ಸದರಿ ಬಾಡಿಗೆಯನ್ನು ಜುಲೈ 1ರಿಂದ ಶೇ. 10ರಷ್ಟು ಹೆಚ್ಚಿಸಿ ರೂ. 24,500 ನಿಗದಿಪಡಿಸಲಾಗಿದೆ. ಇದಕ್ಕೆ ತಮ್ಮ ಒಪ್ಪಿಗೆ ಇಲ್ಲದಿದ್ದಲ್ಲಿ ಈ ನೋಟಿಸು ತಲುಪಿದ ಒಂದು ತಿಂಗಳ ಒಳಗಾಗಿ ಮನೆಯನ್ನು ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು. ಮನೆ ಖಾಲಿ ಮಾಡಿದ ಮೇಲೆ ಸುಣ್ಣಬಣ್ಣದ ಖರ್ಚು ಹಾಗೂ ಬಾಕಿ ಇದ್ದಲ್ಲಿ ಕಳೆದು ಉಳಿದ ಮುಂಗಡ ಹಿಂತಿರುಗಿಸಲಾಗುವುದು. ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು, ಅದರ ಖರ್ಚುವೆಚ್ಚಗಳಿಗೆ ತಾವೇ ಹೊಣೆಗಾರರು."

ನೋಟಿಸಿನ ಮೇಲಿರುವ ದಿನಾಂಕ ಜೂನ್ 5. ಇವರ ಕೈಗೆ ಬಂದದ್ದು ಜೂನ್ 12. ಕರಾರು ಪತ್ರ ಇಂಗ್ಲಿಷಿನಲ್ಲಿದೆ, ಹನ್ನೊಂದು ತಿಂಗಳದ್ದು, ಆಗಸ್ಟ್ 31ಕ್ಕೆ ಮುಗಿಯುತ್ತದೆ. ಓದುವಾಗ ಎಲ್ಲ ಅರ್ಥವಾಗುತ್ತದೆ. ಬರೆಯಲು ಕೂತರೆ ಒಂದೊಂದು ಸಾಲೂ ಎರಡು ರೀತಿ ಬರುತ್ತಿದೆ. ಅವರು ಈ ಕಾಗದ ನೋಡಿಯೇ ಮನೆ ಬಿಡಬೇಕೋ ಇರಬೇಕೋ ಎಂದು ನಿರ್ಧರಿಸುತ್ತಾರೆ. ಅದಕ್ಕೇ ಸರಿಯಾಗಿ ಬರೆಯಬೇಕು.

ಮಂಜುನಾಥ ಎಚ್.

ಮೇಡಂ, ಅನುವಾದವೇ ಬೇಕಿಲ್ಲ. ಈ ನೋಟಿಸೇ ನಡೆಯುವುದಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ಬಾಡಿಗೆ ಏರಿಸಲು ಮೂರು ತಿಂಗಳು ಮೊದಲೇ ಹೇಳಬೇಕು. ಅಡ್ವಾನ್ಸ್ ಎರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಒಂದೂವರೆ ಲಕ್ಷ ಇಟ್ಟುಕೊಂಡಿರುವುದೇ ತಪ್ಪು. ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಡಿ ಸಾಕು.

ರಾಘವೇಂದ್ರ (ಅನುವಾದ ಕೆಲಸ)

ಮಂಜುನಾಥ್ ಅವರೇ, ಆ ಕಾಯ್ದೆಯಲ್ಲಿ ನೀವು ಹೇಳಿದ ಅಂಶಗಳು ಇರುವುದು ನಿಜ. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿತು. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಇಲ್ಲಿ ಜಾರಿಗೆ ಬರುತ್ತದೆ, ತಾನಾಗಿಯೇ ಬರುವುದಿಲ್ಲ. ಅದನ್ನು ನಂಬಿ ಆ ದಂಪತಿ ಸುಮ್ಮನೆ ಕೂತರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಶೈಲಜಾ ಅವರೇ, ನಾನು ಬಾಡಿಗೆ ಮತ್ತು ಜಮೀನಿನ ಕಾಗದಗಳನ್ನು ಕನ್ನಡ ಇಂಗ್ಲಿಷ್ ಎರಡೂ ಕಡೆಗೆ ಮಾಡಿಕೊಡುತ್ತೇನೆ. ಮೊದಲು ಎರಡು ಹಾಳೆ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ನೋಟಿಸಿನ ಅನುವಾದ ಮಾತ್ರ. ಇನ್ನೊಂದರಲ್ಲಿ ನಿಮ್ಮ ವಿವರಣೆ, ಅನುಮಾನ, ಕರಾರಿನ ವಿಷಯ ಎಲ್ಲ. ಇವೆರಡನ್ನೂ ಬೆರೆಸಿದರೆ ಓನರ್ ಹೇಳಿದ್ದು ಯಾವುದು, ನೀವು ಸೇರಿಸಿದ್ದು ಯಾವುದು ಎಂದು ಓದುವವರಿಗೆ ತಿಳಿಯುವುದೇ ಇಲ್ಲ. ನಾಳೆ ಅವರು ಈ ಹಾಳೆಯನ್ನು ವಕೀಲರಿಗೆ ತೋರಿಸಬಹುದು, ಓನರ್ ಮುಂದೆಯೇ ಹಿಡಿಯಬಹುದು.

ಈ ನೋಟಿಸಿನ ಕನ್ನಡವೇ ನಾಲ್ಕೈದು ಕಡೆ ಅಸ್ಪಷ್ಟವಾಗಿದೆ. ಅಲ್ಲೆಲ್ಲ ಇಂಗ್ಲಿಷ್ ಕನ್ನಡಕ್ಕಿಂತ ಸ್ಪಷ್ಟವಾಗಿಬಿಟ್ಟರೆ ಅದು ತಪ್ಪು ಅನುವಾದ. ಮೊದಲನೆಯದು ಲೆಕ್ಕ. 22,000ಕ್ಕೆ ಶೇ. 10 ಸೇರಿಸಿದರೆ 24,200 ಆಗುತ್ತದೆ. ನೋಟಿಸಿನಲ್ಲಿ 24,500 ಇದೆ. ನೀವು ತಿದ್ದಬೇಡಿ. ಹಾಳೆ ಒಂದರಲ್ಲಿ ಶೇ. 10 ಎಂದೂ ಬರೆಯಿರಿ, 24,500 ಎಂದೂ ಬರೆಯಿರಿ. ಎರಡೂ ಹೊಂದುತ್ತಿಲ್ಲ ಎಂಬುದನ್ನು ಹಾಳೆ ಎರಡರಲ್ಲಿ ಹೇಳಿ.

ಲಕ್ಷ್ಮೀಪತಿ

ಎಲ್ಲರೂ ಓನರ್ ಮೇಲೆ ಬೀಳುತ್ತೀರಲ್ಲ. ನನ್ನದೂ ಎರಡು ಮನೆ ಬಾಡಿಗೆಗೆ ಇದೆ. ಆಸ್ತಿ ತೆರಿಗೆ, ಟ್ಯಾಂಕರ್ ನೀರು, ಲಿಫ್ಟ್ ರಿಪೇರಿ ಎಲ್ಲ ನಾವೇ ನೋಡಬೇಕು. ಶೇ. 10 ಏನು ದೊಡ್ಡದಲ್ಲ. ಕರಾರಿನಲ್ಲಿ ಹಾಗೇ ಇರುತ್ತದೆ. ಆ ಮೇಲಿನ 300 ರೂಪಾಯಿ ನೀರಿನದು ಇರಬಹುದು.

ಶೈಲಜಾ, ಹೊರಮಾವು

ಲಕ್ಷ್ಮೀಪತಿ ಸರ್, ಓನರ್ ಬಗ್ಗೆ ನನಗೆ ದೂರಿಲ್ಲ. ಅವರ ನೋಟಿಸ್ ಇವರಿಗೆ ಸರಿಯಾಗಿ ಅರ್ಥವಾಗಬೇಕು, ಅಷ್ಟೇ. ನೀರಿಗೆ ಅಂತ ಇರಬಹುದು ಎಂದಿರಿ, ಆದರೆ ನೋಟಿಸಿನಲ್ಲಿ ನೀರಿನ ಮಾತೇ ಇಲ್ಲ. ನಾನಾಗಿ ಬರೆಯಲು ಆಗುವುದಿಲ್ಲ, ಅಲ್ವಾ?

ಕರಾರು ತರಿಸಿ ನೋಡಿದೆ. ಹನ್ನೊಂದು ತಿಂಗಳು ಮುಗಿದ ಮೇಲೆ ಮುಂದುವರಿಸಿದರೆ ಶೇ. 5 ಹೆಚ್ಚಳ ಎಂದಿದೆ. ಯಾರೇ ಬಿಡಿಸಿದರೂ ಬಿಟ್ಟರೂ ಒಂದು ತಿಂಗಳ ನೋಟಿಸ್ ಎಂದಿದೆ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವ ಬಗ್ಗೆ ಏನೂ ಇಲ್ಲ. ಮನೆ ಬಿಡುವಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು, ಮಾಮೂಲಿ ಸವೆತ ಬಿಟ್ಟು, ಎಂದು ಮಾತ್ರ ಇದೆ.

ನಾಗರತ್ನ

ನನ್ನ ಮಗನೂ ಲೀಸ್ ಮನೆಯಲ್ಲಿದ್ದ. ಎಂಟು ಲಕ್ಷ ಕೊಟ್ಟು ಭೋಗ್ಯಕ್ಕೆ ಹಾಕಿಕೊಂಡಿದ್ದ. ಅವಧಿ ಮುಗಿದರೂ ಓನರ್ ಹಣ ಕೊಡಲಿಲ್ಲ. ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಆ ಹಣದಲ್ಲಿ ಕೊಡುತ್ತೇನೆ ಎಂದರು. ಹಣ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ ಎಂದು ಈ ಹುಡುಗಿಗೆ ಹೇಳಿ.

ಇರ್ಫಾನ್

ನಾಗರತ್ನ ಅಮ್ಮ, ಭೋಗ್ಯದ್ದು ಬೇರೆ ಕತೆ. ಅಲ್ಲಿ ಬಾಡಿಗೆ ಇರುವುದಿಲ್ಲ, ಹಣವೇ ಆಧಾರ. ಇಲ್ಲಿ ತಿಂಗಳ ಬಾಡಿಗೆ ಓಡುತ್ತಿದೆ. ಕೀ ಕೊಡದೆ ಕೂತರೆ ಆ ದಿನಗಳಿಗೂ ಬಾಡಿಗೆ ಕೇಳುತ್ತಾರೆ, ಅದನ್ನೂ ಅಡ್ವಾನ್ಸಿನಲ್ಲೇ ಹಿಡಿಯುತ್ತಾರೆ. ಆದರೂ ನೀವು ಕೀ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನೋಟಿಸಿನಲ್ಲಿ "ಖಾಲಿ ಮಾಡಿ ಸ್ವಾಧೀನ ಬಿಟ್ಟುಕೊಡತಕ್ಕದ್ದು" ಎಂದಿದೆ. ಅಲ್ಲಿ ಎರಡು ಕೆಲಸ ಇದೆ. ಬರೀ 'ವೆಕೇಟ್' ಎಂದು ಬರೆದರೆ ಸಾಮಾನು ಸಾಗಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಊರಿಗೆ ಹೋಗಿ ಬಂದು ಕೀ ಕೊಡೋಣ ಎಂದುಕೊಂಡರೆ ಅಲ್ಲೇ ಜಗಳ. ಸ್ವಾಧೀನದ ಮಾತೂ ಇಂಗ್ಲಿಷಿನಲ್ಲಿ ಬರಲೇಬೇಕು.

ರಾಘವೇಂದ್ರ (ಅನುವಾದ ಕೆಲಸ)

ಇರ್ಫಾನ್ ಹೇಳಿದ್ದು ಸರಿ. 'ಹ್ಯಾಂಡ್ ಓವರ್ ಪೊಸೆಷನ್' ಎಂದು ಹಾಳೆ ಒಂದರಲ್ಲಿ ಹಾಕಿ. ಕೀ ಕೊಡುವುದು, ಕೊಟ್ಟದ್ದಕ್ಕೆ ಒಂದು ಸಾಲು ಬರೆಸಿಕೊಳ್ಳುವುದು ಹಾಳೆ ಎರಡಕ್ಕೆ.

ಈಗ ಮುಖ್ಯ ವಾಕ್ಯಕ್ಕೆ ಬರುತ್ತೇನೆ. "ಇದಕ್ಕೆ ತಮ್ಮ ಒಪ್ಪಿಗೆ ಇಲ್ಲದಿದ್ದಲ್ಲಿ." ಈ ನೋಟಿಸಿನ ಪ್ರಾಣವೇ ಇಲ್ಲಿದೆ. ಮನೆ ಬಿಡಿ ಎಂದು ನೇರವಾಗಿ ಹೇಳಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಬಿಡಿ ಎಂದಿದ್ದಾರೆ. ಎಷ್ಟೋ ಜನ ಇಂಥ ನೋಟಿಸಿಗೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾಡಿಬಿಡುತ್ತಾರೆ: ಬಾಡಿಗೆ ಏರಿದೆ, ಒಂದು ತಿಂಗಳಲ್ಲಿ ಮನೆ ಬಿಡಬೇಕು. ಷರತ್ತು ಮಾಯ. ಓದಿದವರು ಗಾಬರಿಯಾಗಿ ಮನೆ ಹುಡುಕಲು ಓಡುತ್ತಾರೆ.

ಇನ್ನೊಂದು ಕಡೆಯ ತಪ್ಪೂ ಇದೆ. 'ಇಫ್ ಯು ರೆಫ್ಯೂಸ್' ಎಂದು ಬರೆಯಬೇಡಿ. ನಿರಾಕರಿಸುವುದು ಎಂದರೆ ಬಾಯಿಬಿಟ್ಟು ಆಗುವುದಿಲ್ಲ ಎನ್ನುವುದು. ಒಪ್ಪಿಗೆ ಇಲ್ಲದಿರುವುದರಲ್ಲಿ ಸುಮ್ಮನಿರುವುದೂ ಬರುತ್ತದೆ. ನಾವು ಬೇಡ ಎಂದಿಲ್ಲವಲ್ಲ, ಆದ್ದರಿಂದ ಬಿಡಬೇಕಿಲ್ಲ ಎಂದು ಇವರು ತಿಳಿದುಕೊಂಡರೆ ಅನುವಾದವೇ ಅವರನ್ನು ದಾರಿ ತಪ್ಪಿಸಿದ ಹಾಗೆ. ನಾನು ಬರೆಯುವುದಾದರೆ ಹೀಗೆ: "ಇಫ್ ಯು ಡು ನಾಟ್ ಅಗ್ರೀ ಟು ದಿಸ್, ಯು ಮಸ್ಟ್ ವೆಕೇಟ್ ದ ಹೌಸ್ ಅಂಡ್ ಹ್ಯಾಂಡ್ ಓವರ್ ಪೊಸೆಷನ್ ವಿದಿನ್ ಒನ್ ಮಂತ್ ಆಫ್ ರಿಸೀವಿಂಗ್ ದಿಸ್ ನೋಟಿಸ್."

ಮಂಜುನಾಥ ಎಚ್.

'ಮಸ್ಟ್' ಎಂದರೆ ತುಂಬ ಒರಟಾಯಿತು. ಓನರ್ "ತಾವು, ತಮ್ಮ" ಎಂದು ಮರ್ಯಾದೆಯಿಂದ ಬರೆದಿದ್ದಾರೆ. 'ಕೈಂಡ್ಲಿ ವೆಕೇಟ್' ಅಥವಾ 'ಯು ಆರ್ ರಿಕ್ವೆಸ್ಟೆಡ್' ಎಂದು ಹಾಕಬಹುದಲ್ಲ.

ರಾಘವೇಂದ್ರ (ಅನುವಾದ ಕೆಲಸ)

ಮರ್ಯಾದೆ ಇರುವುದು ತಾವು ಎಂಬ ಮಾತಿನಲ್ಲಿ. ಕಡ್ಡಾಯ ಇರುವುದು ತಕ್ಕದ್ದು ಎಂಬುದರಲ್ಲಿ. ನಮ್ಮ ಕಾಗದಪತ್ರಗಳಲ್ಲಿ ಎರಡೂ ಒಟ್ಟಿಗೇ ಬರುತ್ತವೆ. 'ಕೈಂಡ್ಲಿ' ಎಂದರೆ ಓದುವವರಿಗೆ ಅದು ಕೋರಿಕೆಯಾಗಿ ಕಾಣುತ್ತದೆ, ಆಗದಿದ್ದರೆ ಪರವಾಗಿಲ್ಲ ಎನ್ನಿಸುತ್ತದೆ. 'ಶಲ್' ಹಾಕಬಹುದು, ಆದರೆ ಸಾಮಾನ್ಯ ಓದುಗರಿಗೆ 'ಮಸ್ಟ್' ನೇರ. "ಸದರಿ" ಎಂಬುದನ್ನೂ ಹಾಗೆಯೇ ಬಿಡಬಹುದು, 'ದ ರೆಂಟ್' ಎಂದರೆ ಸಾಕು.

ಶೈಲಜಾ, ಹೊರಮಾವು

ಒಂದು ತಿಂಗಳು ಎಂದರೆ ಯಾವ ದಿನಾಂಕ ಎಂದು ಕೇಳುತ್ತಿದ್ದಾರೆ. ಆಕೆ ಆಸ್ಪತ್ರೆಯಲ್ಲಿ ರಜೆ ಹೇಳಬೇಕು. ಜುಲೈ 5 ಎಂದು ಬರೆಯಲೋ 12 ಎಂದೋ? ಕೈಗೆ ಬಂದದ್ದು ಲೆಕ್ಕಕ್ಕೆ ಎಂದರೆ 12, ಅಲ್ವಾ? ಮತ್ತೆ "ಒಳಗಾಗಿ" ಎಂದರೆ ಆ ದಿನವೂ ಸೇರುತ್ತದೆಯೇ?

ಇರ್ಫಾನ್

ತಲುಪಿದ ದಿನದಿಂದ ಎಂದು ನೋಟಿಸಿನಲ್ಲೇ ಇದೆ. ಜೂನ್ 5 ಲೆಕ್ಕಕ್ಕಿಲ್ಲ. ಕವರ್ ಬಿಸಾಡಬೇಡಿ ಎಂದು ಹೇಳಿ ಅಕ್ಕ. ಅದರ ಮೇಲಿನ ನಂಬರನ್ನು ಅಂಚೆ ಇಲಾಖೆಯ ಟ್ರ್ಯಾಕಿಂಗಿನಲ್ಲಿ ಹಾಕಿದರೆ ಯಾವ ದಿನ ಕೊಟ್ಟರು ಎಂದು ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ. ಸ್ವಲ್ಪ ದಿನ ಆದ ಮೇಲೆ ನೋಡಿದರೆ ಅಲ್ಲಿ ಸಿಗದೇ ಹೋಗಬಹುದು.

ರಾಘವೇಂದ್ರ (ಅನುವಾದ ಕೆಲಸ)

ಹಾಳೆ ಒಂದರಲ್ಲಿ ದಿನಾಂಕ ಹಾಕಲೇಬೇಡಿ. 'ವಿದಿನ್ ಒನ್ ಮಂತ್' ಎಂದೇ ಇರಲಿ. ಮೂವತ್ತು ದಿನ ಎಂದೂ ಬದಲಿಸಬೇಡಿ, ತಿಂಗಳು ಬೇರೆ, ಮೂವತ್ತು ದಿನ ಬೇರೆ. ಹಾಳೆ ಎರಡರಲ್ಲಿ ಬರೆಯಿರಿ: ಜೂನ್ 12ಕ್ಕೆ ಬಂದಿದೆ, ಆದ್ದರಿಂದ ನನ್ನ ಲೆಕ್ಕದಲ್ಲಿ ಜುಲೈ 12ರ ಹತ್ತಿರಕ್ಕೆ ಮುಗಿಯುತ್ತದೆ, ಕೊನೆಯ ದಿನ ಸೇರುತ್ತದೆಯೋ ಇಲ್ಲವೋ ನೋಟಿಸಿನಲ್ಲಿ ಸ್ಪಷ್ಟವಿಲ್ಲ, ಬಿಡುವುದಾದರೆ ಜುಲೈ 11 ಎಂದು ಇಟ್ಟುಕೊಂಡರೆ ತೊಂದರೆಯಿಲ್ಲ.

ಇಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಹೊಸ ಬಾಡಿಗೆ ಜುಲೈ 1ರಿಂದ. ಬಿಡಲು ಸಮಯ ಜುಲೈ 12ರವರೆಗೆ. ಒಪ್ಪದೆ ಬಿಡುವವರು ಆ ಹನ್ನೊಂದು ಹನ್ನೆರಡು ದಿನಕ್ಕೆ ಯಾವ ಬಾಡಿಗೆ ಕಟ್ಟಬೇಕು? ಹಳೆಯದೋ ಹೊಸದೋ? ನೋಟಿಸ್ ಏನೂ ಹೇಳುವುದಿಲ್ಲ. ಅನುವಾದವೂ ಏನೂ ಹೇಳಬಾರದು. ಇದನ್ನು ಓನರಿಗೆ ಕೇಳಬೇಕಾದ ಪ್ರಶ್ನೆಯಾಗಿ ಹಾಳೆ ಎರಡರಲ್ಲಿ ಇಡಿ.

ಇರ್ಫಾನ್

ಅದರ ಜೊತೆಗೇ ಇನ್ನೊಂದು ಮಾತು ಬರೆಯಿರಿ. ಯೋಚನೆ ಮುಗಿಯುವ ಮೊದಲೇ ಜುಲೈ 1ಕ್ಕೆ ಯುಪಿಐನಲ್ಲಿ 24,500 ಹಾಕಿಬಿಟ್ಟರೆ, ಒಪ್ಪಿಕೊಂಡಿದ್ದೀರಿ ಎಂದು ಓನರ್ ಹೇಳುವುದಕ್ಕೆ ದಾರಿ ಆಗುತ್ತದೆ. ಏನೇ ಹಾಕಿದರೂ ಯಾವ ತಿಂಗಳಿಗೆ, ಯಾವ ಲೆಕ್ಕಕ್ಕೆ ಎಂದು ಮೆಸೇಜ್ ಕಳಿಸಲಿ.

ಲಕ್ಷ್ಮೀಪತಿ

ಬಣ್ಣದ ವಿಷಯದಲ್ಲಿ ಮಾತ್ರ ನಾನು ಹೇಳಲೇಬೇಕು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡಿಯುವುದು ಮೊದಲಿಂದ ಬಂದ ಪದ್ಧತಿ. ಎಲ್ಲರಿಗೂ ಗೊತ್ತು. ನೋಟಿಸಿನಲ್ಲೂ ಅದೇ ಇದೆ. 'ಒನ್ ಮಂತ್ ರೆಂಟ್ ಫಾರ್ ಪೇಂಟಿಂಗ್' ಎಂದು ಸ್ಪಷ್ಟವಾಗಿ ಬರೆದರೆ ಆಮೇಲೆ ಮನಸ್ತಾಪ ಇರುವುದಿಲ್ಲ.

ರಾಘವೇಂದ್ರ (ಅನುವಾದ ಕೆಲಸ)

ಪದ್ಧತಿ ಇರುವುದು ನಿಜ ಸರ್. ಆದರೆ ಒಡಿಶಾದಿಂದ ಬಂದವರಿಗೆ ಅದು ಗೊತ್ತಿರಬೇಕಿಲ್ಲ. ನೋಟಿಸಿನಲ್ಲಿ "ಸುಣ್ಣಬಣ್ಣದ ಖರ್ಚು" ಇದೆ, ಒಂದು ತಿಂಗಳು ಎಂದಿಲ್ಲ. ಖರ್ಚು ಎಂದರೆ ನಿಜವಾಗಿ ಆದ ಖರ್ಚು ಎಂದೂ ಓದಬಹುದು. ಆಗ ಬಿಲ್ ಕೇಳುವ ಹಕ್ಕು ಅವರಿಗಿದೆ. ಮೊತ್ತ ಸೇರಿಸಿ ನಾವು ಓನರ್ ಪರವಾಗಿ ಬರೆದ ಹಾಗೆ ಆಗಬಾರದು.

ಆ ವಾಕ್ಯದಲ್ಲಿ ಇನ್ನೂ ಸೂಕ್ಷ್ಮ ಒಂದಿದೆ. "ಸುಣ್ಣಬಣ್ಣದ ಖರ್ಚು ಹಾಗೂ ಬಾಕಿ ಇದ್ದಲ್ಲಿ ಕಳೆದು." ಇದ್ದಲ್ಲಿ ಎಂಬುದು ಬಾಕಿಗೆ ಮಾತ್ರ ಸೇರುತ್ತದೆಯೇ, ಬಣ್ಣಕ್ಕೂ ಸೇರುತ್ತದೆಯೇ? ಬಾಕಿಗೆ ಮಾತ್ರ ಎಂದರೆ ಬಣ್ಣದ ಹಣ ಖಂಡಿತ ಹಿಡಿಯುತ್ತಾರೆ. ಎರಡಕ್ಕೂ ಎಂದರೆ ಬಣ್ಣ ಹೊಡೆಸುವ ಅಗತ್ಯ ಬಿದ್ದರೆ ಮಾತ್ರ. ಇಂಗ್ಲಿಷಿನಲ್ಲಿ 'ಪೇಂಟಿಂಗ್ ಕಾಸ್ಟ್ಸ್ ಅಂಡ್ ಡ್ಯೂಸ್, ಇಫ್ ಎನಿ' ಎಂದು ಬರೆದರೆ ಅಸ್ಪಷ್ಟತೆ ಹಾಗೆಯೇ ದಾಟಿ ಬರುತ್ತದೆ. ನಮಗೆ ಬೇಕಾದದ್ದೂ ಅದೇ. ಕರಾರಿನಲ್ಲಿ ಬಣ್ಣದ ಮಾತು ಇಲ್ಲ ಎಂಬುದು ಹಾಳೆ ಎರಡಕ್ಕೆ.

"ಖಾಲಿ ಮಾಡಿದ ಮೇಲೆ" ಎಂಬುದನ್ನು 'ಆನ್ ವೆಕೇಟಿಂಗ್' ಎಂದು ಬರೆಯಬೇಡಿ. ಅದು ಕೀ ಕೊಡುವ ಹೊತ್ತಿಗೇ ಹಣ ಕೈಗೆ ಬರುತ್ತದೆ ಎನ್ನುವ ಅರ್ಥ ಕೊಡುತ್ತದೆ. 'ಆಫ್ಟರ್' ಎಂದು ಹಾಕಿ. ಎಷ್ಟು ದಿನದಲ್ಲಿ ಎಂದು ನೋಟಿಸಿನಲ್ಲಿ ಇಲ್ಲ. ಒಂದು ವಾರ ಆಗಬಹುದು, ಎರಡು ತಿಂಗಳೂ ಆಗಬಹುದು. ಹೊಸ ಮನೆಗೆ ಅಡ್ವಾನ್ಸ್ ಕೊಡಲು ಇವರು ಈ ಒಂದೂವರೆ ಲಕ್ಷವನ್ನೇ ನಂಬಿಕೊಂಡಿದ್ದರೆ ಇದು ಅವರಿಗೆ ಮೊದಲೇ ಗೊತ್ತಾಗಬೇಕು. ನಾಗರತ್ನ ಅಮ್ಮನ ಚಿಂತೆ ಇರುವುದೂ ಇಲ್ಲೇ.

ನಾಗರತ್ನ

ಅದೇ ನಾನು ಹೇಳಿದ್ದು. ಹಣ ಯಾವಾಗ ಎಂದು ಬರೆಸಿಕೊಳ್ಳಿ.

ಶೈಲಜಾ, ಹೊರಮಾವು

ಕೊನೆಯ "ತಪ್ಪಿದಲ್ಲಿ" ನನಗೆ ಗೊಂದಲ. ಏನು ತಪ್ಪಿದರೆ? ಮನೆ ಬಿಡದಿದ್ದರೋ, ಹೊಸ ಬಾಡಿಗೆ ಕೊಡದಿದ್ದರೋ? ಅದು ಬಂದಿರುವುದು ಮುಂಗಡದ ವಾಕ್ಯದ ನಂತರ.

ರಾಘವೇಂದ್ರ (ಅನುವಾದ ಕೆಲಸ)

ಬರೆಯುವವರು ಹಳೆಯ ನೋಟಿಸಿನಿಂದ ಆ ಸಾಲನ್ನು ಎತ್ತಿ ಕೊನೆಗೆ ಅಂಟಿಸಿರುತ್ತಾರೆ. ನನ್ನ ಓದಿನಲ್ಲಿ ಮನೆ ಬಿಡದಿದ್ದರೆ ಎಂದು. ಆದರೂ 'ಇಫ್ ಯು ಫೇಲ್ ಟು ಡು ಸೋ' ಎಂದು ಬರೆದರೆ ಮುಂಗಡದ ವಾಕ್ಯಕ್ಕೆ ಅಂಟಿಕೊಂಡು ಅರ್ಥವೇ ಕೆಡುತ್ತದೆ. 'ಇಫ್ ಯು ಫೇಲ್ ಟು ಕಂಪ್ಲೈ' ಎಂದು ಬರೆಯಿರಿ, ಎರಡಕ್ಕೂ ಹೊಂದುತ್ತದೆ. "ಕ್ರಮ ಜರುಗಿಸಲಾಗುವುದು" ಎಂಬುದಕ್ಕೆ 'ಲೀಗಲ್ ಆಕ್ಷನ್ ವಿಲ್ ಬಿ ಟೇಕನ್' ಸಾಕು. 'ಎವಿಕ್ಷನ್' ಎಂದು ಬರೆಯಬೇಡಿ, ಆ ಮಾತು ಮೂಲದಲ್ಲಿಲ್ಲ. ನಾಳೆಯೇ ಬಂದು ಸಾಮಾನು ಹೊರಗೆ ಹಾಕುತ್ತಾರೆ ಎಂದು ಹೆದರುತ್ತಾರೆ.

ಮಂಜುನಾಥ ಎಚ್.

ಸರಿ ಸರ್, ಮಾದರಿ ಕಾಯ್ದೆ ಬಿಡಿ. ಕರ್ನಾಟಕದ ಬಾಡಿಗೆ ಕಾಯ್ದೆಯೇ ಇದೆಯಲ್ಲ, 1999ರದ್ದು. ಅದರಲ್ಲಿ ಬಾಡಿಗೆದಾರರಿಗೆ ರಕ್ಷಣೆ ಇದೆ.

ರಾಘವೇಂದ್ರ (ಅನುವಾದ ಕೆಲಸ)

ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. 22,000ದ ಮನೆ ಅದರ ಹೊರಗೆ. ಇಂಥ ಮನೆಗಳಿಗೆ ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನಲ್ಲಿ, ಕರಾರಿನಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ, ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸ್ ಸಾಕು, ಅದು ತಲುಪಿದ ದಿನದಿಂದ ಲೆಕ್ಕ. ಇಲ್ಲಿ ಕರಾರಿನಲ್ಲೇ ಒಂದು ತಿಂಗಳು ಇದೆ, ಓನರ್ ಅದನ್ನೇ ಕೊಟ್ಟಿದ್ದಾರೆ.

ಇವರ ಬಲ ಇರುವುದು ಬೇರೆ ಕಡೆ. ಹನ್ನೊಂದು ತಿಂಗಳು ಮುಗಿದ ಮೇಲೆ ಶೇ. 5 ಎಂದು ಇಬ್ಬರೂ ಸಹಿ ಹಾಕಿದ್ದಾರೆ. ಅವಧಿ ನಡುವೆ ಶೇ. 10 ಏರಿಸಲು ಕರಾರಿನಲ್ಲಿ ಜಾಗ ಕಾಣುವುದಿಲ್ಲ. ಸೆಪ್ಟೆಂಬರಿನಿಂದ ಶೇ. 5 ಎಂದರೆ 23,100. ಈ ಮೂರು ಸಾಲು ಹಾಳೆ ಎರಡರಲ್ಲಿ ಬಂದರೆ ಮಾತನಾಡಲು ಅವರಿಗೆ ಒಂದು ಆಧಾರ ಸಿಗುತ್ತದೆ.

ಇರ್ಫಾನ್

ಒಂದು ಅನುಮಾನ ರಾಘಣ್ಣ. ಒಪ್ಪದಿದ್ದರೆ ಬಿಡಿ ಎಂಬ ಷರತ್ತಿನ ನೋಟಿಸನ್ನು ಬಾಡಿಗೆ ಮುಗಿಸಿದ ನೋಟಿಸ್ ಎಂದು ಹಿಡಿಯಲು ಆಗುತ್ತದೆಯೇ? ನನ್ನ ಪ್ರಕಾರ ಇದು ಬರೀ ಬಾಡಿಗೆ ಏರಿಸುವ ಪ್ರಸ್ತಾಪ. ಬಿಡಿಸಬೇಕಾದರೆ ಮತ್ತೆ ನೇರ ನೋಟಿಸ್ ಕೊಡಬೇಕು.

ರಾಘವೇಂದ್ರ (ಅನುವಾದ ಕೆಲಸ)

ನನಗೆ ಹಾಗೆನಿಸುವುದಿಲ್ಲ. ಷರತ್ತಿದ್ದರೂ ಉದ್ದೇಶ ಸ್ಪಷ್ಟವಾಗಿದೆ ಎಂದು ವಾದಿಸಬಹುದು. ಇದು ವಕೀಲರು ನೋಡಬೇಕಾದ ಪ್ರಶ್ನೆ. ಅದಕ್ಕೇ ಆ "ಇಲ್ಲದಿದ್ದಲ್ಲಿ" ಅನುವಾದದಲ್ಲಿ ಸ್ವಲ್ಪವೂ ಅಲುಗಾಡಬಾರದು.

ಇರ್ಫಾನ್

ನಾನು ನನ್ನ ಮಾತಿಗೇ ನಿಲ್ಲುತ್ತೇನೆ. ಆದರೆ ಅನುವಾದ ಹಾಗೇ ಇರಲಿ, ಅದಕ್ಕೆ ನನ್ನ ಒಪ್ಪಿಗೆ ಇದೆ.

ಶೈಲಜಾ, ಹೊರಮಾವು

ನಿನ್ನೆ ರಾತ್ರಿ ಎರಡೂ ಹಾಳೆ ಬರೆದುಕೊಟ್ಟೆ. ಮೊದಲನೆಯದು ನೋಟಿಸಿನಷ್ಟೇ ಉದ್ದ ಬಂತು. ವಾಕ್ಯಗಳಿಗೆ ಮೂಲದ ಕ್ರಮದಲ್ಲೇ ನಂಬರ್ ಹಾಕಿದೆ, ಕನ್ನಡ ಪ್ರತಿಯ ಮೇಲೂ ಪೆನ್ಸಿಲಿನಲ್ಲಿ ಅದೇ ನಂಬರ್ ಹಾಕಿದೆ. ಯಾವ ಮಾತು ಎಲ್ಲಿಂದ ಬಂತು ಎಂದು ತೋರಿಸಲು ಸುಲಭವಾಯಿತು. ಎರಡನೆಯ ಹಾಳೆ ಓದಿ ಆಕೆ ಮೊದಲು ಕೇಳಿದ್ದು, ಹಾಗಾದರೆ ನಾವು ಬಿಡಲೇಬೇಕು ಎಂದಿಲ್ಲವಾ ಅಕ್ಕ ಎಂದು. ಅವರಿಗೆ ಯಾರೋ ಫೋನಿನಲ್ಲಿ ಜುಲೈ 5ಕ್ಕೆ ಜಾಗ ಬಿಡಬೇಕು ಎಂದು ಹೇಳಿಬಿಟ್ಟಿದ್ದರಂತೆ. ಎರಡು ಮನೆ ನೋಡಿಯೂ ಬಂದಿದ್ದರು.

ಇವತ್ತು ಓನರಿಗೆ ಅವರೇ ಮೆಸೇಜ್ ಕಳಿಸಿದರು. ನಾನು ಅದನ್ನು ಕನ್ನಡಕ್ಕೆ ಮಾಡಿಕೊಟ್ಟೆ. ನಾಲ್ಕೇ ಪ್ರಶ್ನೆ: ಬಾಡಿಗೆ 24,200ವೋ 24,500ವೋ, ಕರಾರಿನಲ್ಲಿ ಶೇ. 5 ಇದೆಯಲ್ಲ, ಬಣ್ಣಕ್ಕೆ ಎಷ್ಟು, ಮುಂಗಡ ಎಷ್ಟು ದಿನದಲ್ಲಿ. ಓನರ್ ಫೋನ್ ಮಾಡಿ ಚೆನ್ನಾಗಿಯೇ ಮಾತನಾಡಿದರು. ಹೆಚ್ಚಳವನ್ನು ಸೆಪ್ಟೆಂಬರ್‌ಗೆ ಮುಂದೂಡಲು ಒಪ್ಪಿದರು, ಶೇಕಡಾ ಎಷ್ಟು ಎಂಬುದನ್ನು ಆಗ ನೋಡೋಣ ಎಂದರು. ಬಣ್ಣದ ಬಗ್ಗೆ ಲಕ್ಷ್ಮೀಪತಿ ಸರ್ ಹೇಳಿದ ಹಾಗೆ ಒಂದು ತಿಂಗಳ ಬಾಡಿಗೆ ಎಂದೇ ಹೇಳುತ್ತಿದ್ದಾರೆ.

ಲಕ್ಷ್ಮೀಪತಿ

ನೋಡಿ, ಪದ್ಧತಿ ಎಂದೆನಲ್ಲ. ಆದರೆ ಹೊಸ ಕರಾರು ಮಾಡುವಾಗ ಅದನ್ನು ಬರೆದೇ ಇಡಲಿ, ನನ್ನ ಬಾಡಿಗೆದಾರರಿಗೆ ನಾನೂ ಇನ್ನು ಬರೆಸುತ್ತೇನೆ.

ರಾಘವೇಂದ್ರ (ಅನುವಾದ ಕೆಲಸ)

ಶೈಲಜಾ ಅವರೇ, ಸೆಪ್ಟೆಂಬರ್ ಎಂದು ಓನರ್ ಫೋನಿನಲ್ಲಿ ಒಪ್ಪಿದ್ದನ್ನು ಇವತ್ತೇ ಒಂದು ಮೆಸೇಜ್ ಮಾಡಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಜೂನ್ 5ರ ನೋಟಿಸಿನ ಬೇಡಿಕೆ ಸದ್ಯಕ್ಕೆ ಇಲ್ಲ ಎಂಬ ಸಾಲು ಅದರಲ್ಲಿ ಇರಲಿ, ಅದಕ್ಕೆ ಓನರ್ ಹೌದು ಎಂದು ಉತ್ತರ ಕಳಿಸಲಿ. ಇಲ್ಲದಿದ್ದರೆ ಜುಲೈ 12 ದಾಟಿದ ಮೇಲೆ ಕಾಗದದಲ್ಲಿ ಉಳಿಯುವುದು ಆ ನೋಟಿಸ್ ಒಂದೇ.